ಬಾಲದಿಂದ ಓದುವ ಕ್ರಯಪತ್ರ

ವಾಡಿ ಹತ್ತಿರದ ರಾವೂರಿನಲ್ಲಿ ಹೊಲವೊಂದು ಮಾರಾಟವಾದರೆ, ಅದರ ಕ್ರಯಪತ್ರದಲ್ಲಿ ಆ ಹೊಲ ಕಾಣಿಸಿಕೊಳ್ಳುವುದು ಕಟ್ಟಕಡೆಯ ಹಾಳೆಯಲ್ಲಿ. ಮೊದಲು ತಾರೀಖು. ಆಮೇಲೆ ಬರೆದುಕೊಟ್ಟವರ ಹೆಸರು, ವಯಸ್ಸು, ಉದ್ಯೋಗ. ಬರೆಸಿಕೊಂಡವರ ಹೆಸರು, ವಯಸ್ಸು, ಉದ್ಯೋಗ. ಜಮೀನು ಮಾರುವವರಿಗೆ ಹೇಗೆ ಬಂತು, ಹಣ ಯಾವ ಚೆಕ್ಕಿನಲ್ಲಿ ಸಂದಾಯವಾಯಿತು, ಮೇಲೆ ಸಾಲ, ಜಪ್ತಿ ಏನಾದರೂ ಇದೆಯೇ, ಮುಂದೆ ತಕರಾರು ಬಂದರೆ ಯಾರು ಹೊಣೆ ಎಂಬುದೆಲ್ಲ ಮುಗಿದ ಮೇಲೆ ‘ಷೆಡ್ಯೂಲು ಸ್ವತ್ತಿನ ವಿವರ’ ಎಂಬ ತಲೆಬರಹ ಬರುತ್ತದೆ. ಸರ್ವೆ ನಂಬರು, ಹಿಸ್ಸಾ, ಎಕರೆ-ಗುಂಟೆ, ನಾಲ್ಕು ದಿಕ್ಕಿನ ಚಕ್ಕುಬಂದಿ ಎಲ್ಲ ಇರುವುದು ಅದರ ಕೆಳಗೆ.

ಅಂದರೆ ಇಡೀ ಪತ್ರದಲ್ಲಿ ತಪ್ಪಿದರೆ ಅತಿ ದುಬಾರಿಯಾಗುವ ಹತ್ತು ಸಾಲುಗಳನ್ನು, ಓದುವವನ ಕಣ್ಣು ಅತಿ ಹೆಚ್ಚು ದಣಿದಿರುವ ಜಾಗದಲ್ಲೇ ಇಟ್ಟಿದ್ದೇವೆ. ಹದಿಮೂರು ಹಾಳೆ ಓದಿ ಬಂದವರು ಹದಿನಾಲ್ಕನೆಯದನ್ನು ಹೆಚ್ಚಾಗಿ ಓದುವುದಿಲ್ಲ, ನೋಡುತ್ತಾರೆ.

ಹಾಗೆ ನೋಡಿ ಬಿಟ್ಟಾಗ ಏನಾಗುತ್ತದೆ ಎಂಬುದಕ್ಕೆ ಬಿಹಾರದ ಒಂದು ಪ್ರಕರಣ ಕಾನೂನು ಓದುವವರಿಗೆಲ್ಲ ಪರಿಚಿತ. ಶಿವಧ್ಯಾನ್ ಸಿಂಗ್ ವಿರುದ್ಧ ಸನೀಚರಾ ಕುಅರ್ ಎಂಬ ಆ ಮೊಕದ್ದಮೆ 1963ರ ಎಐಆರ್ ಸಂಪುಟದಲ್ಲಿ ಅಚ್ಚಾಗಿದೆ. ಕೋರ್ಟಿನ ಮೂಲಕ ಹರಾಜಾದ ಜಮೀನಿನ ಕಾಗದದಲ್ಲಿ ಪ್ಲಾಟ್ ನಂಬರು 1060 ಎಂದಿರಬೇಕಾದ ಕಡೆ 160 ಎಂದು ಬಂದಿತ್ತು. ಬಿದ್ದುಹೋದದ್ದು ಒಂದೇ ಒಂದು ಸೊನ್ನೆ. ಆ ಸೊನ್ನೆಯ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನಂಬರು ತಪ್ಪಿದ್ದರೂ ಖಾತೆ, ವಿಸ್ತೀರ್ಣ, ಸುತ್ತಲಿನ ಎಲ್ಲೆಗಳು 1060ಕ್ಕೇ ಹೊಂದುತ್ತಿದ್ದವು. ಹಾಗಾಗಿ ಇದು ವಿವರ ಬರೆಯುವಾಗ ಆದ ತಪ್ಪು, ಮಾರಾಟವಾದದ್ದು 1060ನೇ ಪ್ಲಾಟೇ ಎಂದು ನ್ಯಾಯಾಲಯ ತೀರ್ಮಾನಿಸಿತು. ಪತ್ರವನ್ನು ಉಳಿಸಿದ್ದರಲ್ಲಿ ಚಕ್ಕುಬಂದಿಯ ಪಾಲು ದೊಡ್ಡದು. ಚಕ್ಕುಬಂದಿಯೂ ತಪ್ಪಿದ್ದರೆ ಉಳಿಸುವುದು ಬಹಳ ಕಷ್ಟವಾಗುತ್ತಿತ್ತು.

ಇಂಥ ತಪ್ಪು ಹತ್ತು ಜನರ ಕಣ್ಣು ದಾಟಿ ಹೋಗುವುದು ಹೇಗೆ? ಬೇಜವಾಬ್ದಾರಿ ಎಂದು ಬೈಯುವುದು ಸುಲಭ. ಆದರೆ ಚೆನ್ನಾಗಿ ಓದಬಲ್ಲವರಿಗೇ ಈ ತಪ್ಪುಗಳು ಕಾಣದೇ ಹೋಗುತ್ತವೆ, ಅದಕ್ಕೆ ಕಾರಣ ಓದು ನಡೆಯುವ ರೀತಿಯಲ್ಲೇ ಇದೆ.

ಓದುವಾಗ ಕಣ್ಣು ಸಾಲಿನ ಮೇಲೆ ಒಂದೇ ಸಮನೆ ಜಾರುವುದಿಲ್ಲ. ಒಂದೆಡೆ ಸೆಕೆಂಡಿನ ಸುಮಾರು ಕಾಲು ಭಾಗ ನಿಲ್ಲುತ್ತದೆ, ಹಾರುತ್ತದೆ, ಮತ್ತೆ ನಿಲ್ಲುತ್ತದೆ. ಹಾರುವಾಗ ಅದಕ್ಕೆ ಅಕ್ಷರಗಳು ಕಾಣುವುದಿಲ್ಲ. ಎಲ್ಲ ಪದದ ಮೇಲೂ ಅದು ಇಳಿಯುವುದಿಲ್ಲ; ಗಿಡ್ಡ ಪದಗಳನ್ನೂ ಮೊದಲೇ ಊಹೆಗೆ ಸಿಕ್ಕ ಪದಗಳನ್ನೂ ದಾಟಿ ಮುಂದಕ್ಕೆ ಹೋಗಿಬಿಡುತ್ತದೆ. ದಾಟಿದ ಜಾಗವನ್ನು ಮಿದುಳು ತಾನು ನಿರೀಕ್ಷಿಸಿದ್ದರಿಂದ ತುಂಬಿಕೊಳ್ಳುತ್ತದೆ. 1897ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಿಲ್ಸ್‌ಬರಿ ಇದನ್ನು ಪರೀಕ್ಷಿಸಿ ನೋಡಿದ್ದ. ಬೇಕೆಂದೇ ಅಕ್ಷರ ತಪ್ಪಿಸಿ ಅಚ್ಚುಹಾಕಿದ ಪದಗಳನ್ನು ಕ್ಷಣಮಾತ್ರ ತೋರಿಸಿದಾಗ ಜನ ಅವನ್ನು ಸರಿಯಾದ ಪದವೆಂದೇ ಓದಿದರು. ಕೆಲವರಂತೂ ಅಲ್ಲಿ ಇಲ್ಲವೇ ಇಲ್ಲದ ಅಕ್ಷರವನ್ನು ಸ್ಪಷ್ಟವಾಗಿ ಕಂಡೆವೆಂದು ಹೇಳಿದರು. ಎಂಬತ್ತು ವರ್ಷದ ಬಳಿಕ, 1976ರಲ್ಲಿ, ಅಲಿಸ್ ಹೀಲಿ ಎಂಬ ಮನೋವಿಜ್ಞಾನಿ ಇಂಗ್ಲಿಷ್ ಬರಹವೊಂದನ್ನು ಕೊಟ್ಟು ಅದರಲ್ಲಿರುವ ‘ಟಿ’ ಅಕ್ಷರಕ್ಕೆಲ್ಲ ಗುರುತು ಹಾಕಿರೆಂದರು. ಜನ ಹೆಚ್ಚಾಗಿ ತಪ್ಪಿಸಿಕೊಂಡದ್ದು ‘ದಿ’ ಎಂಬ, ಸಾಲು ಸಾಲಿಗೂ ಬರುವ ಪದದೊಳಗಿನ ‘ಟಿ’ಯನ್ನು. ಪದ ಎಷ್ಟು ಪರಿಚಿತವೋ ಅದರ ಅಕ್ಷರ ಅಷ್ಟು ಅದೃಶ್ಯ.

ನಮ್ಮ ದಸ್ತಾವೇಜಿನಲ್ಲಿ ಆ ಜಾಗಕ್ಕೆ ‘ಸದರಿ’, ‘ಮೇಲ್ಕಂಡ’, ‘ಯಾವುದೇ’, ‘ಬರೆದುಕೊಟ್ಟವರು’, ‘ಬರೆಸಿಕೊಂಡವರು’ ಇವೆ. ಕೊನೆಯ ಎರಡು ನೋಟಕ್ಕೆ ಅವಳಿ. ಒಂದು ಮಾರಿದವನು, ಇನ್ನೊಂದು ಕೊಂಡವನು. ನೂರಾರು ಪತ್ರ ಬರೆದ ಗುಮಾಸ್ತನ ಕಣ್ಣಿಗೆ ಅವೆರಡೂ ಬರಿಯ ಆಕಾರಗಳಾಗಿ ಉಳಿದಿರುತ್ತವೆ.

ಈಗ ಒಂದು ಪತ್ರವನ್ನೇ ಮುಂದಿಟ್ಟುಕೊಳ್ಳೋಣ. ಇದು ವಿವರಣೆಗಾಗಿ ಕಟ್ಟಿದ ಕಲ್ಪಿತ ಪತ್ರ. ಇದರ ನಂಬರು, ಮೊತ್ತ ಯಾವ ನಿಜ ಹೊಲಕ್ಕೂ ಸೇರಿದ್ದಲ್ಲ. ರಾವೂರ ಗ್ರಾಮದ ಸರ್ವೆ ನಂ. 147/2ರಲ್ಲಿ ಒಟ್ಟು 6 ಎಕರೆ 20 ಗುಂಟೆ ಖುಷ್ಕಿ ಜಮೀನಿದೆ. ಅದರಲ್ಲಿ ಉತ್ತರದ ಕಡೆಯ 4 ಎಕರೆ 12 ಗುಂಟೆ ಮಾರಾಟವಾಗುತ್ತಿದೆ, ದಕ್ಷಿಣದ 2 ಎಕರೆ 8 ಗುಂಟೆ ಮಾರುವವರಲ್ಲೇ ಉಳಿಯುತ್ತದೆ. ಬೆಲೆ 18,60,000 ರೂಪಾಯಿ, ಎರಡು ಚೆಕ್ಕುಗಳಲ್ಲಿ: ಒಂದು 10,00,000, ಇನ್ನೊಂದು 8,60,000. ಪತ್ರ ಹದಿನಾಲ್ಕು ಪುಟ. ಹಳೆಯ ಪತ್ರವೊಂದರ ಕಡತವನ್ನು ತೆರೆದು, ಹೆಸರು-ನಂಬರು ಬದಲಿಸಿ ಇದನ್ನು ಸಿದ್ಧಪಡಿಸಲಾಗಿದೆ, ಎಲ್ಲ ಕಡೆ ನಡೆಯುವಂತೆಯೇ.

ಇದರಲ್ಲಿ ಏಳು ತಪ್ಪುಗಳು ಕುಳಿತಿವೆ. 5ನೇ ಪುಟದಲ್ಲಿ ಎರಡನೇ ಚೆಕ್ಕಿನ ಸಾಲು ಇಡಿಯಾಗಿ ಬಿದ್ದುಹೋಗಿದೆ. 6ನೇ ಪುಟದಲ್ಲಿ ‘ಸದರಿ ಜಮೀನಿನ ಮೇಲೆ ಯಾವುದೇ ಸಾಲ, ಭೋಜಾ, ಜಪ್ತಿ, ಕೋರ್ಟು ವ್ಯಾಜ್ಯ ಇರುತ್ತದೆ’ ಎಂದಿದೆ. 9ನೇ ಪುಟದಲ್ಲಿ ಬೆಲೆ ಅಂಕಿಯಲ್ಲಿ ಸರಿಯಿದೆ, ಅಕ್ಷರದಲ್ಲಿ ‘ಹದಿನೆಂಟು ಲಕ್ಷ ಆರು ಸಾವಿರ’ ಎಂದಾಗಿದೆ. 11ನೇ ಪುಟದಲ್ಲಿ ಹಳೆಯ ಕಡತದ ಪಳೆಯುಳಿಕೆಯಾಗಿ ‘ಮೇಲ್ಕಂಡ ನಿವೇಶನ’ ಎಂಬ ಮಾತು ನಿಂತಿದೆ. ಷೆಡ್ಯೂಲಿನಲ್ಲಿ ಸರ್ವೆ ನಂಬರು 174/2 ಆಗಿದೆ, ವಿಸ್ತೀರ್ಣ 4 ಎಕರೆ 21 ಗುಂಟೆ ಆಗಿದೆ, ಮತ್ತು ಚಕ್ಕುಬಂದಿಯಲ್ಲಿ ಉತ್ತರ-ದಕ್ಷಿಣ ಅದಲುಬದಲಾಗಿವೆ.

ಒಂದೇ ಒಂದು ಕಾಗುಣಿತದ ತಪ್ಪಿಲ್ಲ ಎಂಬುದನ್ನು ಗಮನಿಸಬೇಕು. ಪ್ರತಿ ಪದವೂ ಒಳ್ಳೆಯ ಕನ್ನಡ. ಕಂಪ್ಯೂಟರಿನ ಕಾಗುಣಿತ ಪರೀಕ್ಷೆ ಇದಕ್ಕೆ ಪೂರ್ಣಾಂಕ ಕೊಡುತ್ತದೆ. ಸುಮ್ಮನೆ ಮನಸ್ಸಿನಲ್ಲಿ ಓದಿದವರಿಗೆ ಬಹುಶಃ ‘ನಿವೇಶನ’ ಒಂದು ಎಡವುತ್ತದೆ, ಅಷ್ಟೇ.

ಗಟ್ಟಿಯಾಗಿ ಓದಿದರೆ? ದಸ್ತಾವೇಜನ್ನು ಓದಿ ಕೇಳಿಸುವುದು ಈ ಸೀಮೆಗೆ ಹೊಸದಲ್ಲ. ಸಾಕ್ಷಿ ಹೇಳಿಕೆಯ ಕೊನೆಯಲ್ಲಿ ‘ಓದಿ ಹೇಳಿ ಕೇಳಿದೆ, ಸರಿ ಇದೆ’ ಎಂದು ಬರೆಯುವುದು ಇಂದಿಗೂ ರೂಢಿ. ಇನ್ನೂ ಹಿಂದಕ್ಕೆ ಹೋದರೆ ಶಹಾಬಾದ್ ಪಕ್ಕದ ಮರತೂರು ಸಿಗುತ್ತದೆ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ‘ಮಿತಾಕ್ಷರಾ’ ಬರೆದ ವಿಜ್ಞಾನೇಶ್ವರನ ಊರು ಅದು. ಅವನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಪತ್ರಗಳ ಬಗ್ಗೆಯೇ ಒಂದು ಪ್ರಕರಣವಿದೆ. ಸಾಲಗಾರ ತಂದೆಯ ಹೆಸರಿನೊಂದಿಗೆ ತನ್ನ ಕೈಯಾರೆ, ಮೇಲೆ ಬರೆದದ್ದು ತನಗೆ ಒಪ್ಪಿಗೆಯೆಂದು ಬರೆಯಬೇಕು. ಸಾಕ್ಷಿಗಳೂ ತಂದೆಯ ಹೆಸರು ಸೇರಿಸಿ ಬರೆಯಬೇಕು. ಕೊನೆಗೆ ಬರಹಗಾರ, ಇಬ್ಬರೂ ಕೇಳಿಕೊಂಡದ್ದರಿಂದ ಇಂಥವನ ಮಗನಾದ ತಾನು ಬರೆದೆನೆಂದು ಮುಗಿಸಬೇಕು. ಪತ್ರ ಕಳೆದರೆ, ಸುಟ್ಟರೆ, ಹರಿದರೆ ಬೇರೆ ಪತ್ರ ಮಾಡಿಸಬೇಕೆನ್ನುವ ಪಟ್ಟಿಯಲ್ಲಿ ಕೆಟ್ಟದಾಗಿ ಬರೆದ ಪತ್ರವೂ ಸೇರಿದೆ. ಇವತ್ತಿನ ತಿದ್ದುಪಡಿ ಪತ್ರದ ಹಿರಿಯನನ್ನು ಚಿತ್ತಾಪುರದ ನೋಂದಣಿ ಕಚೇರಿಯಿಂದ ಬಹಳ ದೂರ ಹುಡುಕಬೇಕಿಲ್ಲ.

ಗಟ್ಟಿ ಓದಿನ ಮೊದಲ ಲಾಭ ನಿಧಾನ. ಇಂಗ್ಲಿಷ್ ಓದುಗರ ಮೇಲೆ ನಡೆದ ನೂರಾರು ಅಧ್ಯಯನಗಳನ್ನು ಮಾರ್ಕ್ ಬ್ರಿಸ್ಬಾರ್ಟ್ 2019ರಲ್ಲಿ ಒಟ್ಟುಗೂಡಿಸಿದಾಗ, ಮನಸ್ಸಿನ ಓದು ನಿಮಿಷಕ್ಕೆ ಸುಮಾರು 238 ಪದ, ಬಾಯಿಯ ಓದು ಸುಮಾರು 183 ಪದ ಎಂದು ಬಂತು. ಆದರೆ ನಿಧಾನಕ್ಕಿಂತ ದೊಡ್ಡದು ಬಾಯಿಗಿರುವ ಒಂದು ಕಟ್ಟು: ಅದು ಪದವನ್ನು ಹಾರಿಸಲಾರದು. ಕಣ್ಣು ‘ಯಾವುದೇ’ ಎಂಬಲ್ಲಿಂದ ಸೀದಾ ಮುಂದಿನ ಸಾಲಿಗೆ ಜಿಗಿಯಬಲ್ಲದು. ನಾಲಿಗೆ ಸಾಲ, ಭೋಜಾ, ಜಪ್ತಿ ಎಲ್ಲವನ್ನೂ ಉಚ್ಚರಿಸಿಯೇ ಕ್ರಿಯಾಪದಕ್ಕೆ ಬರಬೇಕು.

ಅಲ್ಲೇ ಒಂದು ಬಲೆಯೂ ಇದೆ. ಗಟ್ಟಿಯಾಗಿ ಓದುವಾಗ ಕಣ್ಣು ದನಿಗಿಂತ ಮುಂದೆ ಇರುತ್ತದೆ. 1920ರಲ್ಲಿ ಷಿಕಾಗೋದ ಗೈ ಬಸ್ವೆಲ್ ಈ ಅಂತರವನ್ನು ಅಳೆದಿದ್ದ. ನುರಿತ ಓದುಗರಲ್ಲಿ ಅದು ಎರಡು ಮೂರು ಪದದಷ್ಟು. ನುರಿತಷ್ಟೂ ಅಂತರ ಹೆಚ್ಚು. ಕಂಡದ್ದಕ್ಕೂ ನುಡಿದದ್ದಕ್ಕೂ ನಡುವಿನ ಆ ತೆರಪಿನಲ್ಲಿ ಊಹೆ ನುಸುಳುತ್ತದೆ. ‘ಯಾವುದೇ’ ಎಂದು ಆರಂಭವಾದ ಕನ್ನಡ ವಾಕ್ಯ ‘ಇಲ್ಲ’ದಲ್ಲಿ ಮುಗಿಯುವುದು ಎಷ್ಟು ರೂಢಿಯೆಂದರೆ, ಕಾಗದದಲ್ಲಿ ‘ಇರುತ್ತದೆ’ ಎಂದಿದ್ದರೂ ಓದುವ ಬಾಯಿ ‘ಇರುವುದಿಲ್ಲ’ ಎಂದುಬಿಡುವುದು ತೀರ ಸಹಜ. ಓದಿದವನಿಗೂ ತೃಪ್ತಿ, ಕೇಳಿದವನಿಗೂ ತೃಪ್ತಿ, ತಪ್ಪು ಮಾತ್ರ ಹಾಳೆಯ ಮೇಲೆ ಹಾಗೇ. ಪತ್ರವನ್ನು ಪಕ್ಷಗಾರರಿಗೆ ಓದಿ ಹೇಳಿದೆವು, ಆದ್ದರಿಂದ ಪರಿಶೀಲನೆ ಮುಗಿಯಿತು ಎಂಬ ನಂಬಿಕೆ ಹುಸಿಯಾಗುವುದು ಇಲ್ಲೇ. ಓದಿ ಹೇಳುವುದರಿಂದ ಒಪ್ಪಂದ ತಿಳಿಯುತ್ತದೆ. ಅಕ್ಷರ ಪರೀಕ್ಷೆ ಆಗಬೇಕೆಂದರೆ ಕಾಗದ ಎರಡು ಬೇಕು, ಜನರೂ ಇಬ್ಬರು ಬೇಕು.

ಮೊಳೆ ಜೋಡಿಸುವ ಕಾಲದ ಅಚ್ಚುಕೂಟಗಳಲ್ಲಿ ಈ ಎರಡನೆಯ ವ್ಯಕ್ತಿಗೆ ಕಾಪಿ ಹೋಲ್ಡರ್ ಎಂಬ ಹುದ್ದೆಯೇ ಇತ್ತು. ಒಬ್ಬ ಮೂಲವನ್ನು ಗಟ್ಟಿಯಾಗಿ ಓದುತ್ತಿದ್ದ, ಕರಡು ತಿದ್ದುವವನು ಅಚ್ಚಾದ ಪ್ರತಿಯ ಮೇಲೆ ಕಣ್ಣಿಟ್ಟು ಕೇಳುತ್ತಿದ್ದ. ದಸ್ತಾವೇಜಿಗೂ ಅದೇ ಕ್ರಮ ಹೊಂದುತ್ತದೆ. ಓದುವವನ ಕೈಯಲ್ಲಿ ಮೂಲ ಇರಬೇಕು: ಪಹಣಿ, ಹಿಂದಿನ ಕ್ರಯಪತ್ರ, ಚೆಕ್ಕಿನ ನಕಲು, ಪಕ್ಷಗಾರರು ಒಪ್ಪಿದ ಕರಡು. ಹೊಸ ಪತ್ರ ಕೇಳುವವನ ಮುಂದಿರಬೇಕು. ಓದುವವನು ಹೊಸ ಪತ್ರವನ್ನು ನೋಡುವುದೇ ಇಲ್ಲವಾದ್ದರಿಂದ ಅದರ ತಪ್ಪನ್ನು ಅವನ ನಾಲಿಗೆ ತಾನಾಗಿ ಸರಿಪಡಿಸುವ ಪ್ರಶ್ನೆಯೇ ಬರುವುದಿಲ್ಲ. ಕೇಳುವವನಿಗೆ ಕಿವಿಯಲ್ಲಿ ‘ಇರುವುದಿಲ್ಲ’, ಕಣ್ಣಲ್ಲಿ ‘ಇರುತ್ತದೆ’. ಎರಡೂ ಢಿಕ್ಕಿ ಹೊಡೆಯುತ್ತವೆ.

ನಮ್ಮ ಪತ್ರದ 5ನೇ ಪುಟದ ಬಿದ್ದ ಸಾಲು ಸಿಗುವುದೂ ಹೀಗೇ. ಒಂದನೇ ಚೆಕ್ಕಿನ ಸಾಲೂ ಎರಡನೇ ಚೆಕ್ಕಿನ ಸಾಲೂ ‘ಚೆಕ್ ಮೂಲಕ ಸಂದಾಯ ಮಾಡಿದ್ದು’ ಎಂದೇ ಮುಗಿಯುತ್ತಿದ್ದವು. ನಕಲು ಮಾಡುವವನ ಕಣ್ಣು ಮೊದಲನೆಯದರಿಂದ ಎತ್ತಿದ್ದು ಎರಡನೆಯದರ ಮೇಲೆ ಇಳಿಯಿತು, ನಡುವಿನದು ಮಾಯವಾಯಿತು. ತಾಳೆಗರಿ ನಕಲು ಮಾಡುತ್ತಿದ್ದವರಿಂದ ಹಿಡಿದು ಇದು ಬರಹಗಾರರ ಅತಿ ಹಳೆಯ ತಪ್ಪು. ಹಸ್ತಪ್ರತಿ ಸಂಪಾದಿಸುವವರು ಇದನ್ನೇ ಮೊದಲು ಹುಡುಕುತ್ತಾರೆ. ಉಳಿದ ಬರಹ ಓರೆಕೋರೆಯಿಲ್ಲದೆ ಓದಿಸಿಕೊಳ್ಳುವುದರಿಂದ ಹೊಸ ಪತ್ರವನ್ನು ಮಾತ್ರ ಎಷ್ಟು ಸಲ ಓದಿದರೂ ಇದು ಸಿಗದು. ಮೂಲ ಓದುವವನು ಎರಡನೇ ಚೆಕ್ಕಿನ ನಂಬರು ಹೇಳತೊಡಗಿದ ಕ್ಷಣ ಕೇಳುವವನ ಬೆರಳು ನಿಲ್ಲಲು ಜಾಗವಿಲ್ಲದೆ ಒದ್ದಾಡುತ್ತದೆ.

ಅಂಕಿಗಳ ವಿಷಯದಲ್ಲಿ ಕಲಬುರಗಿ ಸೀಮೆಗೆ ತನ್ನದೇ ಒಂದು ತೊಡಕಿದೆ. ಚಿತ್ತಾಪುರ, ಸೇಡಂ, ಚಿಂಚೋಳಿಯ ಕಡೆ ಒಬ್ಬರೇ ಮನುಷ್ಯರು ಕನ್ನಡದಲ್ಲಿ ಮಾತಾಡುತ್ತ ಉರ್ದುವಿನಲ್ಲಿ ಲೆಕ್ಕ ಹೇಳುವುದು ದಿನನಿತ್ಯದ ಮಾತು. ಕನ್ನಡದ ಇಪ್ಪತ್ತೆಂಟರಲ್ಲಿ ಇಪ್ಪತ್ತು ಮೊದಲು, ಎಂಟು ಆಮೇಲೆ. ಬರೆಯುವ ಕ್ರಮವೂ ಅದೇ. ಉರ್ದುವಿನ ‘ಅಠ್ಠಾಯೀಸ್’ನಲ್ಲಿ ಎಂಟು ಮೊದಲು ಕಿವಿಗೆ ಬೀಳುತ್ತದೆ. ಮರಾಠಿಯ ‘ಅಠ್ಠಾವೀಸ್’ ಕೂಡ ಹಾಗೇ. ಇದೇ ರೀತಿ ಬಿಡಿಯನ್ನು ಮೊದಲು ಹೇಳುವ ಜರ್ಮನ್ ಭಾಷೆಯ ಮಕ್ಕಳು ಕೇಳಿ ಬರೆಯುವಾಗ 28ನ್ನು 82 ಮಾಡುವುದು ಅಲ್ಲಿನ ಸಂಶೋಧಕರು ಚೆನ್ನಾಗಿ ಅಧ್ಯಯನ ಮಾಡಿರುವ ಸಂಗತಿ. ಆದ್ದರಿಂದ ಪತ್ರ ಓದುವಾಗ ಅಂಕಿಯನ್ನು ಯಾವ ಭಾಷೆಯ ಸಂಖ್ಯೆಯಾಗಿಯೂ ಓದಬಾರದು. ‘ನೂರಾ ನಲವತ್ತೇಳು’ ಅಲ್ಲ, ‘ಒಂದು, ನಾಲ್ಕು, ಏಳು, ಗೆರೆ, ಎರಡು’. ನುರಿತ ಬರಹಗಾರ ಜೊತೆಯ ಹುಡುಗನಿಗೆ ಹೇಳುವ ಮಾತು ಇದೇ: ‘ನಂಬರ್ ಓದಬ್ಯಾಡೋ ತಮ್ಮಾ, ಒಂದೊಂದ ಎಣಿಸಿ ಹೇಳು.’

ಮೊತ್ತವನ್ನು ಮಾತ್ರ ಎರಡು ಸಲ ಓದಬೇಕು, ಒಮ್ಮೆ ಅಂಕಿಯಾಗಿ, ಒಮ್ಮೆ ಅಕ್ಷರವಾಗಿ. ಚೆಕ್ಕು, ಪ್ರಾಮಿಸರಿ ನೋಟುಗಳಲ್ಲಿ ಎರಡೂ ಬೇರೆಯಾದರೆ ಅಕ್ಷರದಲ್ಲಿ ಬರೆದದ್ದೇ ನಿಲ್ಲುತ್ತದೆ ಎಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಮು ಹೇಳುತ್ತದೆ. ಕ್ರಯಪತ್ರಕ್ಕೆ ಆ ಕಲಮು ನೇರವಾಗಿ ಅನ್ವಯಿಸದಿದ್ದರೂ ತಗಾದೆಗೆ ದಾರಿ ಮಾಡಿಕೊಡಲು ‘ಆರು ಸಾವಿರ’ ಸಾಕು.

ಇಷ್ಟಾದರೂ ಗಟ್ಟಿ ಓದಿಗೆ ಕಿವುಡಾದ ತಪ್ಪುಗಳಿವೆ. ‘ಲ’ಕಾರ-‘ಳ’ಕಾರ, ‘ಶ’-‘ಷ’, ಅಲ್ಪಪ್ರಾಣ-ಮಹಾಪ್ರಾಣಗಳನ್ನು ಆಡುಮಾತು ಸಲೀಸಾಗಿ ಬೆರೆಸುತ್ತದೆ. ಹೆಸರಿನ ಕಾಗುಣಿತ ಆಧಾರ್ ಕಾರ್ಡಿನಲ್ಲಿ ಒಂದು, ಪಹಣಿಯಲ್ಲಿ ಒಂದು, ಪತ್ರದಲ್ಲಿ ಮತ್ತೊಂದು ಆಗಿದ್ದರೆ ಕಿವಿಗೆ ಮೂರೂ ಒಂದೇ. ಹೆಸರುಗಳನ್ನು ಒತ್ತು, ದೀರ್ಘ ಸಮೇತ ಬಿಡಿಸಿ ಹೇಳದೆ ಗತಿಯಿಲ್ಲ.

ಹಿಂದುಮುಂದಾಗಿ ಓದುವ ವಿಧಾನ ಹಿಡಿಯುವುದು ಇನ್ನೊಂದು ಬಗೆಯ ತಪ್ಪನ್ನು. ಅದು ಊಹೆಯ ಬೇರನ್ನೇ ಕತ್ತರಿಸುತ್ತದೆ. ಹಿಂದಿನ ಪದ ಮುಂದಿನದನ್ನು ಸೂಚಿಸದೇ ಹೋದಾಗ ಕಣ್ಣಿಗೆ ಹಾರಲು ಆಧಾರವಿರುವುದಿಲ್ಲ. ಪ್ರತಿ ಪದದ ಮೇಲೂ ಇಳಿಯಲೇಬೇಕು. ವೇದಪಾಠಿಗಳು ಇದನ್ನು ಬಾಯಿಯಲ್ಲೇ ಮಾಡಿಕೊಂಡು ಬಂದಿದ್ದಾರೆ. ಜಟಾಪಾಠದಲ್ಲಿ ಎರಡೆರಡು ಪದಗಳನ್ನು ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ ಹೇಳುತ್ತಾರೆ. ಘನಪಾಠದಲ್ಲಿ ಮೂರು ಪದಗಳವರೆಗೆ ಹೀಗೆ ಹೆಣೆಯುತ್ತಾರೆ. ಅರ್ಥದ ಹರಿವನ್ನು ಬೇಕೆಂದೇ ಮುರಿದು ಒಂದು ಪದವೂ ಜಾರದಂತೆ ಕಾಯುವ ಉಪಾಯ ಅದು.

ಆದರೆ ದಸ್ತಾವೇಜಿನ ಮಟ್ಟಿಗೆ ‘ಹಿಂದಿನಿಂದ ಓದಿ’ ಎಂಬ ಸಲಹೆಯನ್ನು ಹಾಗೇ ಒಪ್ಪಿಕೊಳ್ಳುವುದು ಕಷ್ಟ. ಹದಿನಾಲ್ಕು ಪುಟವನ್ನು ಒಂದೊಂದೇ ಪದ ಹಿಂದಕ್ಕೆ ಓದಿದರೆ ಎರಡನೇ ಪುಟದ ಹೊತ್ತಿಗೆ ತಲೆ ಮರಗಟ್ಟುತ್ತದೆ, ಆಮೇಲೆ ನಡೆಯುವುದು ಓದೇ ಅಲ್ಲ. ಮೇಲಾಗಿ ‘ಇರುತ್ತದೆ’ ಎಂಬ ಪದ ಬಿಡಿಯಾಗಿ ನೋಡಿದರೆ ನಿರ್ದೋಷಿ. ಪದದ ಮಟ್ಟದ ಹಿಮ್ಮುಖ ಓದು ಸಲ್ಲುವುದು ಷೆಡ್ಯೂಲಿಗೆ, ಹೆಸರುಗಳಿಗೆ, ಚೆಕ್ಕಿನ ಮತ್ತು ಸರ್ವೆಯ ಅಂಕಿಗಳಿಗೆ. ಉಳಿದ ಭಾಗವನ್ನು ವಾಕ್ಯದ ಮಟ್ಟದಲ್ಲಿ ಹಿಂದಕ್ಕೆ ಓದಬೇಕು: ಕೊನೆಯ ವಾಕ್ಯವನ್ನು ಮೊದಲು, ಆದರೆ ಅದರೊಳಗೆ ಎಡದಿಂದ ಬಲಕ್ಕೇ.

ಇದಕ್ಕೂ ನಮ್ಮ ಪತ್ರಗಳು ಅಡ್ಡಿ ಮಾಡುತ್ತವೆ. ಕನ್ನಡದ ಕ್ರಯಪತ್ರದಲ್ಲಿ ಪೂರ್ಣವಿರಾಮ ಬಲು ಜಿಪುಣ. ‘ಸ್ವತ್ತಾಗಿದ್ದು’, ‘ಅನುಭವಿಸುತ್ತಾ ಬಂದಿದ್ದು’, ‘ಹಣದ ಅಡಚಣೆ ಇರುವುದರಿಂದ’, ‘ನಿಮಗೆ ಮಾರಿದ್ದು’ ಎಂದು ಕೊಂಡಿ ಕೊಂಡಿಯಾಗಿ ಒಂದೇ ವಾಕ್ಯ ಪುಟ ದಾಟಿಹೋಗುತ್ತದೆ. ಹಾಗಾಗಿ ಪರಿಶೀಲನೆಗೆ ಕೂರುವ ಮೊದಲು ಮುದ್ರಿತ ಪ್ರತಿಯಲ್ಲಿ ಪ್ರತಿ ‘ಇದ್ದು’, ‘ಆಗಿದ್ದು’, ‘ರಿಂದ’ಗಳ ಬಳಿ ಪೆನ್ಸಿಲಿನಿಂದ ಅಡ್ಡಗೆರೆ ಎಳೆದುಕೊಳ್ಳುವುದು ಒಳ್ಳೆಯದು. ಆ ತುಂಡುಗಳೇ ಹಿಮ್ಮುಖ ಓದಿನ ಮೆಟ್ಟಿಲು. ಓದುತ್ತಿರುವ ತುಂಡಿನ ಮೇಲಿನ ಸಾಲುಗಳನ್ನು ಬಿಳಿ ಹಾಳೆಯಿಂದ ಮುಚ್ಚಬೇಕು, ಇಲ್ಲದಿದ್ದರೆ ಕಣ್ಣು ತನ್ನ ಹಳೆಯ ಚಾಳಿಯಂತೆ ಮೇಲಿನಿಂದ ಅರ್ಥ ಎಳೆದುಕೊಂಡು ಬರುತ್ತದೆ.

ನಮ್ಮ ಪತ್ರದಲ್ಲಿ ಇದನ್ನು ನಡೆಸಿ ನೋಡಿದರೆ ಮೊದಲು ಕೈಗೆ ಬರುವುದು ಚಕ್ಕುಬಂದಿ, ಆಮೇಲೆ ವಿಸ್ತೀರ್ಣ, ಆಮೇಲೆ ಸರ್ವೆ ನಂಬರು. ಇನ್ನೂ ದಣಿಯದ ಕಣ್ಣಿಗೆ, ಕಥೆಯ ಗುಂಗು ಹತ್ತದ ಮನಸ್ಸಿಗೆ ಅವು ಸಿಗುತ್ತವೆ. ಮೊದಲಿನಿಂದ ಓದಿಕೊಂಡು ಬಂದವನು 147 ಎಂಬುದನ್ನು ಆಗಲೇ ಹತ್ತು ಸಲ ಕಂಡಿರುತ್ತಾನೆ, ಹನ್ನೊಂದನೆಯ ಸಲ 174 ಬಂದರೂ 147 ಎಂದೇ ಕಾಣುತ್ತಾನೆ. ಕೊನೆಯಿಂದ ಹೊರಟವನಿಗೆ ಯಾವ ಪೂರ್ವಜ್ಞಾನವೂ ಇಲ್ಲ: ಎರಡು, ಗೆರೆ, ನಾಲ್ಕು, ಏಳು, ಒಂದು. ಅದನ್ನು ಪಹಣಿಯ ಅಂಕಿಯ ಜೊತೆ ಅದೇ ಹಿಮ್ಮುಖ ಕ್ರಮದಲ್ಲಿ ಹೋಲಿಸಿದಾಗ ಎರಡನೇ ಅಂಕಿಯಲ್ಲೇ ಬಿರುಕು ಬಿಡುತ್ತದೆ. ವಿಸ್ತೀರ್ಣಕ್ಕೆ ಲೆಕ್ಕದ ಸಹಾಯವೂ ಇದೆ. 4 ಎಕರೆ 21 ಗುಂಟೆಗೆ ಮಾರುವವರ ಬಳಿ ಉಳಿಯುವ 2 ಎಕರೆ 8 ಗುಂಟೆ ಸೇರಿಸಿದರೆ 6 ಎಕರೆ 29 ಗುಂಟೆ. ಹೊಲ ಇರುವುದೇ 6 ಎಕರೆ 20 ಗುಂಟೆ. ಗುಂಟೆಯ ಕಲಂನಲ್ಲಿ 40 ಅಥವಾ ಅದಕ್ಕಿಂತ ದೊಡ್ಡ ಅಂಕಿ ಕಂಡರಂತೂ ಕೂಡಿಸುವ ಶ್ರಮವೂ ಬೇಡ, ಏಕೆಂದರೆ 40 ಗುಂಟೆಗೆ ಎಕರೆಯೇ ಮುಗಿಯಿತು.

ಅದಲುಬದಲಾದ ಉತ್ತರ-ದಕ್ಷಿಣ ಮಾತ್ರ ಯಾವ ಓದಿಗೂ ಬಗ್ಗುವುದಿಲ್ಲ. ಉತ್ತರಕ್ಕೆ ಮಾರುವವರ ಉಳಿದ ಜಮೀನು, ದಕ್ಷಿಣಕ್ಕೆ ಬಂಡಿದಾರಿ ಎಂದು ಬರೆದಿದ್ದರೆ ಎರಡೂ ಸರಿಯಾದ ಕನ್ನಡ, ಎರಡೂ ಇರಬಹುದಾದ ಸಂಗತಿ. ಮಾರಿದ್ದು ಉತ್ತರದ ಭಾಗ, ಹಾಗಾದರೆ ಉಳಿದ ಜಮೀನು ದಕ್ಷಿಣಕ್ಕೇ ಬರಬೇಕಲ್ಲವೇ ಎಂದು ಯೋಚಿಸಿದವನಿಗೆ, ಅಥವಾ ಭಾಗಶಃ ಮಾರಾಟಕ್ಕೆ ಸರ್ವೆ ಇಲಾಖೆ ಕೊಡುವ 11ಇ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಂಡವನಿಗೆ ಅದು ಸಿಗುತ್ತದೆ. ಬಿಹಾರದ ಪ್ರಕರಣವನ್ನು ನೆನೆದರೆ, ಏಳು ತಪ್ಪುಗಳಲ್ಲಿ ಅತಿ ಅಪಾಯದ್ದು ಇದೇ.

ಒಂದೇ ಸಲ ಕೂತು ಎಲ್ಲ ಬಗೆಯ ತಪ್ಪನ್ನೂ ಹುಡುಕುವುದು ಏಕೆ ಕೈಗೂಡುವುದಿಲ್ಲ ಎಂಬುದಕ್ಕೆ ಪ್ರಯೋಗದ ಆಧಾರವೂ ಇದೆ. ಎಲಿಜಬೆತ್ ಶಾಟರ್, ಕೀತ್ ರೇನರ್ ಮೊದಲಾದವರು 2014ರಲ್ಲಿ ಕರಡು ತಿದ್ದುವವರ ಕಣ್ಣಿನ ಚಲನೆಯನ್ನು ದಾಖಲಿಸಿದರು. ಅರ್ಥವಿಲ್ಲದ ಪದವನ್ನು ಹುಡುಕಿರಿ ಎಂದಾಗ ಕಣ್ಣು ಒಂದು ರೀತಿ ಓದಿತು. ಸರಿಯಾದ ಪದವೇ ತಪ್ಪು ಜಾಗದಲ್ಲಿ ಕೂತಿರುವುದನ್ನು ಹುಡುಕಿರಿ ಎಂದಾಗ ಬೇರೆ ರೀತಿ ಓದಿತು, ಸುತ್ತಲಿನ ಸಂದರ್ಭವನ್ನು ಹೆಚ್ಚು ತೂಗಿ ನೋಡಿತು. ಎರಡನೆಯದು ಹೆಚ್ಚು ಶ್ರಮದ ಕೆಲಸ. ಜೋಡಿ ಓದಿನ ಹೊತ್ತಿನಲ್ಲಿ ಅರ್ಥವನ್ನೂ, ಹಿಮ್ಮುಖ ಓದಿನ ಹೊತ್ತಿನಲ್ಲಿ ಅಂಕಿ-ಅಕ್ಷರವನ್ನೂ ಬೇರೆ ಬೇರೆಯಾಗಿ ನೋಡುವುದು, ನಡುವೆ ಒಂದಿಷ್ಟು ಬಿಡುವು ಕೊಡುವುದು ಇದಕ್ಕೇ.

ಕಣ್ಣು-ಕಿವಿ ಎರಡಕ್ಕೂ ಮೀರಿದ ಒಂದು ತಪ್ಪು ಕನ್ನಡ ಲಿಪಿಯಲ್ಲೇ ಅಡಗಿದೆ. ಅನುಸ್ವಾರದ ಸೊನ್ನೆಯೂ ಕನ್ನಡ ಅಂಕಿಯ ಸೊನ್ನೆಯೂ ನೋಡಲು ಒಂದೇ. ಬೆರಳಚ್ಚು ಮಾಡುವಾಗ ‘ನಂಬರು’ ಎನ್ನುವಲ್ಲಿ ಅಂಕಿಯ ಸೊನ್ನೆ ಒತ್ತಿದರೆ ಕಾಗದದ ಮೇಲೆ ಅದು ಸರಿಯಾಗಿಯೇ ಕಾಣುತ್ತದೆ, ಓದಿದರೂ ಸರಿಯಾಗಿಯೇ ಕೇಳುತ್ತದೆ. ಕಂಪ್ಯೂಟರಿನಲ್ಲಿ ಹುಡುಕಿದಾಗ ಮಾತ್ರ ಆ ಪದ ಸಿಗುವುದಿಲ್ಲ. ಹೆಸರಿನೊಳಗೆ ಇದು ಸೇರಿಕೊಂಡರೆ ಮುಂದೆ ಆ ಹೆಸರಿಟ್ಟು ಹುಡುಕುವವರಿಗೆ ಪತ್ರವೇ ಇಲ್ಲವೆಂಬ ಉತ್ತರ ಬರಬಹುದು. ಇದನ್ನು ಕಡತದಲ್ಲೇ ‘೦’ ಅಂಕಿಯನ್ನು ಹುಡುಕಿಸಿ ತೆಗೆಯಬೇಕು.

ಮತ್ತೊಂದು ಮಿತಿ ಇನ್ನೂ ದೊಡ್ಡದು, ಅದರ ಬೆಲೆಯೂ ದೊಡ್ಡದಿತ್ತು. 2008ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಸುಮಾರು 30 ಕೋಟಿ ಡಾಲರಿನ ಒಂದು ಹಳೆಯ ಸಾಲವನ್ನು ತೀರಿಸಿತು. ಅದಕ್ಕೆ ಸಂಬಂಧಿಸಿದ ಅಡಮಾನದ ನೋಂದಣಿಗಳನ್ನು ರದ್ದು ಮಾಡಲು ಪಟ್ಟಿ ಸಿದ್ಧವಾಯಿತು. ಪಟ್ಟಿಯಲ್ಲಿ ಮೂರು ನೋಂದಣಿಗಳಿದ್ದವು, ಸಂಬಂಧಪಟ್ಟವು ಎರಡೇ. ಮೂರನೆಯದು ಬೇರೆಯೇ ಆದ 150 ಕೋಟಿ ಡಾಲರ್ ಸಾಲದ ಭದ್ರತೆ. ಎರಡೂ ಕಡೆಯ ವಕೀಲರು ಕಾಗದ ನೋಡಿದರು, ಯಾರಿಗೂ ಏನೂ ಅನ್ನಿಸಲಿಲ್ಲ. ಅದು ಸಲ್ಲಿಕೆಯಾಗಿ ಭದ್ರತೆ ರದ್ದಾಯಿತು. ಮರುವರ್ಷ ಕಂಪನಿ ದಿವಾಳಿಯಾದಾಗ ಸಂಗತಿ ಹೊರಬಿತ್ತು. ಜೆಪಿ ಮಾರ್ಗನ್ ಬ್ಯಾಂಕು ಇದು ತಪ್ಪಿನಿಂದ ಆದದ್ದೆಂದು ವಾದಿಸಿದರೂ, ಕಾಗದ ಸಲ್ಲಿಸಲು ನೀವೇ ಅನುಮತಿ ಕೊಟ್ಟಿದ್ದಿರಿ, ಆದ್ದರಿಂದ ರದ್ದತಿ ಊರ್ಜಿತ ಎಂದು 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಆ ಮೂರನೆಯ ನಂಬರಿನಲ್ಲಿ ಒಂದಂಕಿಯೂ ತಪ್ಪಿರಲಿಲ್ಲ. ಗಟ್ಟಿಯಾಗಿ ಓದಿದ್ದರೂ, ಹಿಂದಿನಿಂದ ಓದಿದ್ದರೂ ಅದು ಸರಿಯಾದ ನಂಬರೇ. ಆ ನೋಂದಣಿ ಯಾವ ಸಾಲದ್ದು ಎಂದು ಮೂಲ ಕಾಗದ ತೆಗೆದು ನೋಡಿದ್ದರೆ ಮಾತ್ರ ಸಿಗುತ್ತಿತ್ತು.

ರಾವೂರಿನ ಕ್ರಯಪತ್ರಕ್ಕೆ ಈಗ ಇನ್ನೊಂದು ಪ್ರತಿ ಹುಟ್ಟಿಕೊಂಡಿದೆ. 2023ರಿಂದ ರಾಜ್ಯದ ನೋಂದಣಿ ಕಚೇರಿಗಳಲ್ಲಿ ಬಂದ ಕಾವೇರಿ 2.0 ತಂತ್ರಾಂಶದಲ್ಲಿ ಪಕ್ಷಗಾರರ ಮತ್ತು ಸ್ವತ್ತಿನ ವಿವರಗಳನ್ನು ಪತ್ರದ ಜೊತೆಗೆ ಬೇರೆಯಾಗಿ ತುಂಬಬೇಕು. ಪತ್ರದಲ್ಲಿ ಸರಿಯಿದ್ದ 147 ತೆರೆಯ ಮೇಲೆ 174 ಆಗಲು ಅಡ್ಡಿಯೇನಿಲ್ಲ. ಆದ್ದರಿಂದ ಜೋಡಿ ಓದು ಕಾಗದಕ್ಕೆ ಮುಗಿಯುವುದಿಲ್ಲ. ಒಬ್ಬ ತೆರೆ ನೋಡುತ್ತ ಕೂರಬೇಕು, ಇನ್ನೊಬ್ಬ ಷೆಡ್ಯೂಲನ್ನು ಅಂಕಿ ಅಂಕಿಯಾಗಿ ಓದಬೇಕು.

ಸಹಿಗೆ ಮುಂಚೆ ತಪ್ಪು ಸಿಕ್ಕರೆ ಹಾಳೆ ಬದಲಿಸಿದರಾಯಿತು. ಸಹಿಯ ಹೊತ್ತಿಗೆ ಸಿಕ್ಕರೆ ಪೆನ್ನಿನಲ್ಲಿ ತಿದ್ದಬಹುದು, ಆದರೆ 1908ರ ನೋಂದಣಿ ಕಾಯ್ದೆಯ 20ನೇ ಕಲಮಿನಂತೆ ಪ್ರತಿ ತಿದ್ದುಪಡಿ, ಒತ್ತುಸಾಲು, ಖಾಲಿ ಜಾಗಕ್ಕೂ ಬರೆದುಕೊಟ್ಟವರ ಸಹಿಯೋ ಚಿಕ್ಕ ರುಜುವೋ ಇರಬೇಕು. ಇಲ್ಲದಿದ್ದರೆ ಅಧಿಕಾರಿ ಪತ್ರವನ್ನು ನಿರಾಕರಿಸಬಹುದು. ನೋಂದಣಿ ಆದ ಮೇಲೆ ಸಿಕ್ಕರೆ ತಿದ್ದುಪಡಿ ಪತ್ರ ಬೇಕು, ಅದಕ್ಕೆ ಮಾರಿದವರು ಮತ್ತೆ ಕಚೇರಿಗೆ ಬಂದು ಸಹಿ ಹಾಕಬೇಕು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರೆ ವಾರಸುದಾರರೆಲ್ಲ ಬರಬೇಕು. ಬರಲೊಲ್ಲೆ ಎಂದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 26ನೇ ಕಲಮಿನಡಿ ದಾವೆ ಹೂಡಿ, ಇದು ಇಬ್ಬರಿಂದಲೂ ಆದ ತಪ್ಪೆಂದೋ ಮೋಸವೆಂದೋ ನ್ಯಾಯಾಲಯಕ್ಕೆ ಸಾಬೀತು ಮಾಡಬೇಕು. ಅಲ್ಲಿ ಎದುರು ಪಕ್ಷದ ವಕೀಲರು ಸಾಮಾನ್ಯವಾಗಿ ಮೊದಲು ತೋರಿಸುವುದು ಪತ್ರದ ಕೊನೆಯಲ್ಲಿ, ಓದಿಸಿ ಕೇಳಿ ಸರಿಯೆಂದು ಒಪ್ಪಿ ಸಹಿ ಮಾಡಿದ್ದೇವೆ ಎಂದು ಅಚ್ಚಾಗಿರುವ ಸಾಲನ್ನು.